ಸ್ಥಿರ ಅನುಪಾತಕ್ಕೆ ಮರಳಿಸುವುದೋ, ಹಾಗೆಯೇ ಬಿಡುವುದೋ: ಮೂರು ಖಾತೆಗಳ ಹೋಲಿಕೆ

ಷೇರು ನಿಧಿಯಲ್ಲಿ ಅರ್ಧ, ನಗದಿನಲ್ಲಿ ಅರ್ಧ ಹಣವಿಟ್ಟು ಮೂರು ಖಾತೆಗಳನ್ನು ನಾನು ಒಟ್ಟಿಗೆ ಆರಂಭಿಸಿದೆ. ಮೊದಲನೆಯದನ್ನು ಮುಟ್ಟಲೇ ಇಲ್ಲ. ಎರಡನೆಯದನ್ನು ಪ್ರತಿ ಮೂರು ತಿಂಗಳ ಕೊನೆಗೆ ಸಮಪಾಲಿಗೆ ಮರಳಿಸುತ್ತಿದ್ದೆ. ಮೂರನೆಯದನ್ನು ಷೇರಿನ ಪಾಲು ಶೇಕಡ 55ನ್ನು ದಾಟಿದಾಗ ಅಥವಾ 45ಕ್ಕಿಂತ ಕೆಳಗಿಳಿದಾಗ ಮಾತ್ರ ಸರಿಪಡಿಸುತ್ತಿದ್ದೆ. ಬೆಲೆ ಹೆಚ್ಚುಕಡಿಮೆ ಹೊರಟಲ್ಲಿಗೇ ಹಿಂದಿರುಗಿದ ಅವಧಿಯಲ್ಲಿ ಮೊದಲ ಖಾತೆ ನಿಂತಲ್ಲೇ ಇತ್ತು. ಉಳಿದೆರಡೂ ಸ್ವಲ್ಪ ಬೆಳೆದಿದ್ದವು.

ಈ ಬೆಳವಣಿಗೆ ಎಲ್ಲಿಂದ ಬಂತೆಂಬುದನ್ನು ತಿಳಿಯಲು, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1960ರ ದಶಕದಲ್ಲಿ ತಮ್ಮ ಉಪನ್ಯಾಸವೊಂದರಲ್ಲಿ ಮುಂದಿಟ್ಟ ಬಗೆಯ, ಬೇಕೆಂದೇ ಅತಿಯಾಗಿಸಿದ ಲೆಕ್ಕವೊಂದನ್ನು ನೋಡೋಣ. ಷೇರಿನಲ್ಲಿ 50, ನಗದಿನಲ್ಲಿ 50 ಇವೆ. ಬೆಲೆ ಇಮ್ಮಡಿಯಾದರೆ ಒಟ್ಟು 150. ಆಗ 25ರಷ್ಟು ಷೇರು ಮಾರಿ ಎರಡೂ ಕಡೆ 75 ಮಾಡಬೇಕು. ಬೆಲೆ ಮತ್ತೆ ಅರ್ಧಕ್ಕಿಳಿದಾಗ ಷೇರಿನ ಮೌಲ್ಯ 37.5 ಆಗಿ, ಒಟ್ಟು 112.5 ಉಳಿಯುತ್ತದೆ. ಮುಟ್ಟದ ಖಾತೆಯಲ್ಲಿರುವುದು ಅದೇ 100. ಮೊದಲು ಇಳಿದು ಆಮೇಲೆ ಏರಿದರೂ ಫಲಿತಾಂಶ ಇದೇ, ಏಕೆಂದರೆ ಏರಿದಾಗ ಮಾರುವ, ಇಳಿದಾಗ ಕೊಳ್ಳುವ ಕೆಲಸವನ್ನು ಅನುಪಾತದ ನಿಯಮವೇ ಮಾಡಿಸುತ್ತದೆ. ಬೆಲೆ ಮುಂದೆಲ್ಲಿಗೆ ಹೋಗುತ್ತದೆಂದು ಊಹಿಸುವ ಅಗತ್ಯವೇ ಇಲ್ಲ.

ಆದರೆ ನಿಜವಾದ ಏರಿಳಿತ ಇಷ್ಟು ದೊಡ್ಡದಲ್ಲ. ಬೆಲೆ ಶೇಕಡ 20 ಏರಿ ಮೊದಲಿನಲ್ಲಿಗೆ ಇಳಿದರೆ ದೊರೆಯುವ ಲಾಭ ಸುಮಾರು ಶೇಕಡ 0.83, ಶೇಕಡ 10 ಮಾತ್ರ ಏರಿ ಇಳಿದರೆ 0.23. ಏರಿಳಿತ ಅರ್ಧವಾದರೆ ಲಾಭ ಹತ್ತಿರಹತ್ತಿರ ಕಾಲು ಭಾಗಕ್ಕೆ ಕುಗ್ಗುವುದರಿಂದ, ಸಣ್ಣ ಅಲುಗಾಟಗಳ ಹಿಂದೆ ಓಡಿದರೆ ದಲ್ಲಾಳಿ ಶುಲ್ಕಕ್ಕೇ ಅದು ಸಂದಾಯವಾಗಿಬಿಡುತ್ತದೆ.

ಎರಡು ಮತ್ತು ಮೂರನೆಯ ಖಾತೆಗಳ ವ್ಯತ್ಯಾಸ ಇರುವುದು ಇಲ್ಲಿಯೇ. ದಿನಾಂಕವನ್ನು ನೆಚ್ಚಿದ ಖಾತೆಯು ಎರಡು ದಿನಾಂಕಗಳ ನಡುವೆ ಏರಿ ಇಳಿದುಹೋದ ಅಲೆಯನ್ನು ಕಾಣುವುದೇ ಇಲ್ಲ. ಮಿತಿಯನ್ನು ನೆಚ್ಚಿದ ಖಾತೆಗೆ ಆ ಕುರುಡಿಲ್ಲವಾದರೂ, ಶೇಕಡ 55ರ ಗೆರೆ ಮುಟ್ಟಲು ಬೆಲೆ ಶೇಕಡ 22ಕ್ಕೂ ಹೆಚ್ಚು ಏರಬೇಕು. ಶೇಕಡ 20ರ ಏರಿಕೆಯಲ್ಲಿ ಷೇರಿನ ಪಾಲು 54.5ರಲ್ಲೇ ನಿಲ್ಲುತ್ತದೆ. ಮಿತಿಯನ್ನು ಆ ಷೇರಿನ ಸಹಜ ಏರಿಳಿತಕ್ಕೆ ತಕ್ಕಂತೆ ಇಡದಿದ್ದರೆ ಖಾತೆ ಸುಮ್ಮನೆ ಕುಳಿತಿರುತ್ತದೆ. ಹಾಗಿದ್ದರೂ ವಹಿವಾಟು ಕಡಿಮೆ ಮಾಡಿಸುವ ಈ ಮೂರನೆಯ ಕ್ರಮವೇ ನನಗೆ ಮೆಚ್ಚುಗೆ.

ಬೆಲೆ ಒಂದೇ ದಿಕ್ಕಿನಲ್ಲಿ ಸಾಗಿದಾಗ ಮಾತ್ರ ಮೊದಲ ಖಾತೆಯೇ ಮೇಲು. ಎರಡು ಬಾರಿ ಇಮ್ಮಡಿಯಾದರೆ ಮುಟ್ಟದ ಖಾತೆಯಲ್ಲಿ 250, ಮರಳಿಸಿದ್ದರಲ್ಲಿ 225. ಎರಡು ಬಾರಿ ಅರ್ಧವಾದರೆ ಕ್ರಮವಾಗಿ 62.5 ಮತ್ತು 56.25. ಇಳಿಕೆಯಲ್ಲಿಯೂ ಮರಳಿಸಿದ ಖಾತೆಯೇ ಹಿಂದೆ ಬೀಳುವುದನ್ನು ಹಲವರು ಗಮನಿಸುವುದಿಲ್ಲ: ಬೀಳುತ್ತಲೇ ಇರುವ ಷೇರಿಗೆ ಅದು ನಗದನ್ನು ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಕುಸಿದರೆ ಮೇಲೇಳುವ ಖಾತ್ರಿಯಿಲ್ಲದ ಒಂದೇ ಕಂಪನಿಯ ಷೇರಿಗೆ ನಾನು ಈ ನಿಯಮವನ್ನು ಅನ್ವಯಿಸುವುದಿಲ್ಲ. ಹಲವು ಕಂಪನಿಗಳಲ್ಲಿ ಹರಡಿದ ನಿಧಿಗೆ ಮಾತ್ರ ಬಳಸುತ್ತೇನೆ.