ತಾರಸಿ ಟ್ಯಾಂಕಿನ ನೀರಿನ ಮಟ್ಟ: ಅಲ್ಟ್ರಾಸಾನಿಕ್ ಸೆನ್ಸರ್ ಮತ್ತು ಒತ್ತಡದ ಸೆನ್ಸರ್, ಒಂದು ಹೋಲಿಕೆ

ನಮ್ಮ ಅಪಾರ್ಟ್‌ಮೆಂಟಿನ ತಾರಸಿ ಟ್ಯಾಂಕು ಒಳಗಡೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ ಇರುವುದರಿಂದ ನೀರು ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್ ಹೋಯಿತೆಂದೇ ಅರ್ಥ. ಇದೇ ಟ್ಯಾಂಕಿನಲ್ಲಿ ಮುಚ್ಚಳದ ಕೆಳಗೆ ಅಲ್ಟ್ರಾಸಾನಿಕ್ ಸೆನ್ಸರನ್ನೂ ನೀರಿನೊಳಗೆ ಒತ್ತಡದ ಸೆನ್ಸರನ್ನೂ ಅಳವಡಿಸಿ, ಎರಡು ತಿಂಗಳು ಅವುಗಳ ಅಳತೆಯನ್ನು ಒಟ್ಟಿಗೆ ದಾಖಲಿಸಿದೆ.

ಮೊದಲ ವಾರದಲ್ಲೇ ಅಲ್ಟ್ರಾಸಾನಿಕ್ ಸೆನ್ಸರ್ ರಾತ್ರಿಯಿಡೀ ಸೋರಿಕೆ ಇದೆ ಎಂದು ತೋರಿಸಿತು. ಇದು ಧ್ವನಿ ಹೋಗಿಬರುವ ಸಮಯದಿಂದ ದೂರವನ್ನು ಲೆಕ್ಕ ಹಾಕುವ ಸಾಧನ. ಗಾಳಿ 30 ಡಿಗ್ರಿಯಿಂದ 20 ಡಿಗ್ರಿಗೆ ತಣ್ಣಗಾದರೆ ಧ್ವನಿಯ ವೇಗ ಸುಮಾರು ಶೇ 1.7ರಷ್ಟು ತಗ್ಗುತ್ತದೆ. ಸೆನ್ಸರಿನಿಂದ ನೀರಿಗೆ ಒಂದು ಮೀಟರ್ ಅಂತರವಿದ್ದಾಗ ಅದು 1.7 ಸೆಂಟಿಮೀಟರ್ ಹೆಚ್ಚು ದೂರವನ್ನು ತೋರಿಸುವುದರಿಂದ, ಒಂದು ಹನಿಯೂ ಸೋರದೆ ನೂರು ಲೀಟರ್ ಕಾಣೆಯಾದಂತೆ ಭಾಸವಾಗುತ್ತದೆ. ಬಿಸಿಲೇರಿದ ಮೇಲೆ ಮೋಟಾರ್ ಹಾಕದೆಯೇ ಮಟ್ಟ ಮೇಲೇರಿದ್ದನ್ನು ಕಂಡಾಗಲೇ ಇದು ಹುಸಿ ಎಂದು ನನಗೆ ತಿಳಿದದ್ದು. ಪಕ್ಕದಲ್ಲಿ ಉಷ್ಣಾಂಶದ ಸೆನ್ಸರ್ ಇಟ್ಟು ಲೆಕ್ಕ ತಿದ್ದಿದ ಮೇಲೆ ದೋಷ ಬಹಳ ಕಡಿಮೆಯಾಯಿತು. ಆದರೂ ಸೆನ್ಸರಿನ ಮುಖದ ಮೇಲೆ ಹನಿಗಟ್ಟಿದ ತೇವ ಆಗಾಗ ಅಳತೆಯನ್ನು ಕೆಡಿಸುತ್ತಿತ್ತು.

ತನ್ನ ಮೇಲಿರುವ ನೀರಿನ ಒತ್ತಡದಿಂದ ಮಟ್ಟವನ್ನು ಅಳೆಯುವ ಒತ್ತಡದ ಸೆನ್ಸರ್ ಅದೇ ರಾತ್ರಿಗಳಲ್ಲಿ ಸ್ಥಿರವಾಗಿತ್ತು. ನಿಜವಾದ ಸೋರಿಕೆಯನ್ನು ಹಿಡಿದುಕೊಟ್ಟದ್ದೂ ಅದೇ. ಒಂದು ರಾತ್ರಿ ಒಂದರಿಂದ ನಾಲ್ಕು ಗಂಟೆಯೊಳಗೆ ಮಟ್ಟ ಒಂದೇ ಸಮನೆ ಒಂದು ಸೆಂಟಿಮೀಟರ್, ಅಂದರೆ ಗಂಟೆಗೆ 20 ಲೀಟರ್, ಇಳಿದಿತ್ತು. ಮರುರಾತ್ರಿಗಳಲ್ಲಿ ಕೆಳಗಿಳಿಯುವ ಪೈಪುಗಳ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದಾಗ ಮೂರನೆಯದರಲ್ಲಿ ಇಳಿತ ನಿಂತಿತು. ಆ ಸಾಲಿನ ಒಂದು ಮನೆಯ ಫ್ಲಶ್ ಟ್ಯಾಂಕಿನಿಂದ ನೀರು ಸದ್ದಿಲ್ಲದೆ ಜಾರಿಹೋಗುತ್ತಿತ್ತು.

ಆದರೆ ಒತ್ತಡದ ಸೆನ್ಸರಿಗೂ ಒಂದು ದೌರ್ಬಲ್ಯವಿದೆ. ಕೇಬಲ್ಲಿನೊಳಗಿನ ಸಣ್ಣ ಗಾಳಿಕೊಳವೆ ಹೊರಗಿನ ವಾಯುಭಾರವನ್ನು ಸರಿದೂಗಿಸುತ್ತದೆ. ಅದರ ತುದಿಗೆ ತೇವ ಸೇರಿ ಮುಚ್ಚಿಕೊಂಡರೆ ವಾಯುಭಾರದ ಒಂದು ಹೆಕ್ಟೋಪ್ಯಾಸ್ಕಲ್ ಬದಲಾವಣೆ ಸುಮಾರು ಒಂದು ಸೆಂಟಿಮೀಟರ್ ನೀರಿನಂತೆ ಕಾಣುತ್ತದೆ. ಆದ್ದರಿಂದ ತುದಿಯನ್ನು ತೇವ ಹೀರುವ ಪೊಟ್ಟಣದೊಂದಿಗೆ ಒಣ ಡಬ್ಬಿಯಲ್ಲಿಟ್ಟೆ.

ಮೋಟಾರ್ ನೀರಿಲ್ಲದೆ ಓಡುವುದನ್ನು ತಡೆಯಲು ಎರಡೂ ನೆರವಾದವು: ಮೋಟಾರ್ ಆನ್ ಆಗಿ ಹತ್ತು ನಿಮಿಷವಾದರೂ ಮಟ್ಟ ಏರದಿದ್ದರೆ ಅದನ್ನು ನಿಲ್ಲಿಸುವಂತೆ ಹೊಂದಿಸಿದೆ. ಆದರೆ ಹತ್ತು ನಿಮಿಷವೇ ಕೆಲವು ಪಂಪುಗಳಿಗೆ ಹೆಚ್ಚಾಗುವುದರಿಂದ ಕೆಳಗಿನ ಸಂಪಿನಲ್ಲಿ ಪ್ರತ್ಯೇಕ ಫ್ಲೋಟ್ ಸ್ವಿಚ್ ಇರಲೇಬೇಕು.

ತುಂಬಿ ಹರಿಯುವ ವಿಷಯದಲ್ಲಿ ಮಾತ್ರ ನಾನು ಎರಡನ್ನೂ ನಂಬುವುದಿಲ್ಲ. ನನ್ನ ಅಲ್ಟ್ರಾಸಾನಿಕ್ ಸೆನ್ಸರಿಗೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರ ಬಂದ ನೀರು ಸರಿಯಾಗಿ ಕಾಣುವುದಿಲ್ಲ, ಒತ್ತಡದ ಸೆನ್ಸರಿನ ಅಳತೆ ಕಾಲಕ್ರಮೇಣ ಸ್ವಲ್ಪ ಜರುಗಬಹುದು. ಹಾಗಾಗಿ ಓವರ್‌ಫ್ಲೋ ಪೈಪಿನ ಬಾಯಿಗಿಂತ ಐದು ಸೆಂಟಿಮೀಟರ್ ಕೆಳಗೆ, ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲದೆ ಮೋಟಾರಿನ ಕಾಂಟ್ಯಾಕ್ಟರನ್ನು ನೇರವಾಗಿ ಕಡಿಯುವ ಫ್ಲೋಟ್ ಸ್ವಿಚ್ ಹಾಕಿದ್ದೇನೆ, ತಿಂಗಳಿಗೊಮ್ಮೆ ಅದನ್ನು ಕೈಯಿಂದ ಎತ್ತಿ ಮೋಟಾರ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತೇನೆ.