ಗೋಲ್ಡ್ ಮಿನಿ, ಟೆನ್, ಪೆಟಲ್: ಎರಡು ಲಕ್ಷದ ಖಾತೆಯಲ್ಲಿ ನಾನು ಕಂಡ ವ್ಯತ್ಯಾಸ

ನಮ್ಮದು ತುಮಕೂರು ಜಿಲ್ಲೆಯ ತಿಪಟೂರು. ಮನೆಯಲ್ಲಿ ಕೊಬ್ಬರಿ ಇದೆ, ಹಾಗಾಗಿ ರೇಟು ಏರುವುದು ಇಳಿಯುವುದು ನನಗೆ ಹೊಸದಲ್ಲ. ಚಿನ್ನದ ಫ್ಯೂಚರ್ಸ್, ಅಂದರೆ ಮುಂದೆ ಕೊಡುವ ಚಿನ್ನಕ್ಕೆ ಈಗಲೇ ರೇಟು ಒಪ್ಪಿ ಕೊಳ್ಳುವ ಮಾರುವ ವ್ಯವಹಾರ, ಶುರು ಮಾಡಿದ್ದು ಮಾತ್ರ 2025ರಲ್ಲಿ. ಹತ್ತು ಗ್ರಾಂ ಚಿನ್ನ ಒಂದು ಲಕ್ಷದ ಆಸುಪಾಸು ಓಡಾಡುತ್ತಿದ್ದ ಸಮಯ. ಖಾತೆಗೆ ಎರಡು ಲಕ್ಷ ಹಾಕಿದ್ದೆ. ಆ ದುಡ್ಡಲ್ಲೇ ಮಿನಿ, ಟೆನ್, ಗಿನಿ, ಪೆಟಲ್ ನಾಲ್ಕನ್ನೂ ಆಡಿ ನೋಡಿದೆ. ಹೊಸದಾಗಿ ಬರುವವರು ಮೊದಲು ಕೇಳುವುದು "ಮಾರ್ಜಿನ್ ಎಷ್ಟು?" ಅಂತ, ಅಂದರೆ ಒಂದು ಒಪ್ಪಂದ ಹಿಡಿಯಲು ಎಷ್ಟು ಮುಂಗಡ ಕಟ್ಟಿಡಬೇಕು ಅಂತ. ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು.

ಮೊದಲು ಅಳತೆ ಹೇಳಿಬಿಡುತ್ತೇನೆ. ಈ ವ್ಯಾಪಾರ ನಡೆಯುವುದು ಎಂಸಿಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದಲ್ಲಿ, ಒಮ್ಮೆಗೆ ಕೊಳ್ಳುವ ಕನಿಷ್ಠ ಅಳತೆಗೆ ಲಾಟ್ ಅನ್ನುತ್ತಾರೆ. ಎಂಸಿಎಕ್ಸ್‌ನಲ್ಲಿ ದೊಡ್ಡ ಗೋಲ್ಡ್ ಲಾಟ್ ಒಂದು ಕೆಜಿ, ಅದು ನಮ್ಮಂಥವರಿಗಲ್ಲ. ಮಿನಿ 100 ಗ್ರಾಂ, ಸ್ಕ್ರೀನ್ ಮೇಲೆ GOLDM. ಟೆನ್ 10 ಗ್ರಾಂ, GOLDTEN; ಇದು 2025ರ ಏಪ್ರಿಲ್‌ನಲ್ಲಿ ಬಂದಿದ್ದು. ಗಿನಿ 8 ಗ್ರಾಂ, GOLDGUINEA. ಪೆಟಲ್ ಒಂದೇ ಗ್ರಾಂ, GOLDPETAL.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ರೇಟು ಹೇಳುವ ಅಳತೆಯೇ ಬೇರೆ, ಲಾಟಿನ ಅಳತೆಯೇ ಬೇರೆ. ಮಿನಿಯ ರೇಟು ಕಾಣುವುದು 10 ಗ್ರಾಂಗೆ, ಆದರೆ ನಿಮ್ಮ ಕೈಗೆ ಬರುವುದು 100 ಗ್ರಾಂ. ಅಂದರೆ ಸ್ಕ್ರೀನ್ ಮೇಲೆ ಒಂದು ರೂಪಾಯಿ ಇಳಿದರೆ ನಿಮಗೆ ಹತ್ತು ರೂಪಾಯಿ ಹೋಯಿತು. ಟೆನ್‌ನಲ್ಲಿ ಒಂದಕ್ಕೆ ಒಂದೇ. ನಾನು ಮೊದಲ ಸಲ ಮಿನಿ ತಗೊಂಡ ದಿನ ಅಪ್ಪನಿಗೆ ಹೇಳಿದೆ, "ನಾನೂರು ರೂಪಾಯಿ ಇಳಿದರೆ ಮಾರಿಬಿಡ್ತೀನಿ" ಅಂತ. ಅಪ್ಪ ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: "ನಾನೂರು ಕ್ವಿಂಟಲ್‌ಗೋ, ಲೋಡಿಗೋ?" ಫ್ಯೂಚರ್ಸ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೆ ಮಂಡಿಯಲ್ಲಿ ರೇಟು ಕ್ವಿಂಟಲ್‌ಗೆ ಕೂಗುತ್ತಾರೆ, ನಷ್ಟ ಬರುವುದು ಪೂರ್ತಿ ಲೋಡಿಗೆ ಅನ್ನುವುದು ಅವರಿಗೆ ಗೊತ್ತು. ನನ್ನ ನಾನೂರು ಲೋಡಿಗೆ ನಾಲ್ಕು ಸಾವಿರ ಆಗುತ್ತಿತ್ತು.

ನಾಲ್ಕು ಸಾವಿರ ನಾನೇ ಹಾಕಿಕೊಂಡ ಮಿತಿ. ಎರಡು ಲಕ್ಷದಲ್ಲಿ ಶೇಕಡಾ 2. ಒಂದು ವ್ಯವಹಾರದಲ್ಲಿ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ. ಮಿನಿಯನ್ನು 1,00,000ಕ್ಕೆ ತಗೊಂಡು, ಅಷ್ಟಕ್ಕೆ ಇಳಿದರೆ ತಾನಾಗಿಯೇ ಮಾರಾಟವಾಗಲಿ ಅಂತ 99,600ಕ್ಕೆ ಸ್ಟಾಪ್‌ಲಾಸ್ ಇಟ್ಟೆ. ಸುಮಾರು ಒಂದು ಲಕ್ಷ ಮಾರ್ಜಿನ್ ಹಿಡಿಯಿತು, ಇನ್ನೊಂದು ಲಕ್ಷ ಹಾಗೇ ಉಳಿದಿತ್ತು. ದುಡ್ಡು ಸಾಕಷ್ಟಿದೆ ಅಂತಲೇ ಅನಿಸಿತು, ಅಲ್ವಾ? ಆದರೆ ಆ ದಿನಗಳಲ್ಲಿ ಚಿನ್ನ ಸುಮ್ನೆ ಒಂದು ದಿನಕ್ಕೆ 700ರಿಂದ 1,000 ರೂಪಾಯಿ ಮೇಲೆ ಕೆಳಗೆ ಓಡಾಡುತ್ತಿತ್ತು. ಯಾವ ಸುದ್ದಿಯೂ ಬೇಕಿರಲಿಲ್ಲ. ನನ್ನ ಸ್ಟಾಪ್ ಆ ಓಡಾಟದ ಒಳಗೇ ಕೂತಿತ್ತು. ಸಂಜೆ 6ಕ್ಕೆ ಅಮೆರಿಕದ ಒಂದು ಅಂಕಿಅಂಶ ಬಂತು. ರೇಟು 99,540ರವರೆಗೆ ಇಳಿಯಿತು. ನಂದು 99,590ಕ್ಕೆ ಮಾರಾಟ ಆಯಿತು. ಖರ್ಚು ಸೇರಿ 4,300 ರೂಪಾಯಿ ಹೋಯಿತು. ರಾತ್ರಿ ಊಟ ಮುಗಿಸಿ ನೋಡಿದರೆ ರೇಟು 1,00,500. ದಿಕ್ಕು ನಾನು ಅಂದುಕೊಂಡದ್ದೇ. ಲಾಟ್ ದೊಡ್ಡದಾಗಿದ್ದರಿಂದ ಸ್ಟಾಪನ್ನು ತೀರಾ ಹತ್ತಿರ ಇಡಬೇಕಾಯಿತು, ಅಷ್ಟೇ.

ಇದೇ ಲೆಕ್ಕವನ್ನು ಟೆನ್‌ನಲ್ಲಿ ಮಾಡಿದಾಗ ಕಣ್ಣು ತೆರೆಯಿತು. ಇಲ್ಲಿ ಲೆಕ್ಕ ತಲೆಕೆಳಗಾಗಿ ಶುರುವಾಗುತ್ತದೆ. ಮೊದಲು ಚಿನ್ನ ಒಂದು ದಿನಕ್ಕೆ ಎಷ್ಟು ಓಡಾಡುತ್ತದೆ ನೋಡಬೇಕು: ಸಾವಿರ ಅನ್ನೋಣ. ಸ್ಟಾಪ್ ಅದರ ಆಚೆಗಿರಬೇಕು, ಇಲ್ಲವೇ ಅಂಚಿನಲ್ಲಾದರೂ ಇರಬೇಕು. ನನ್ನ ಮಿತಿ ನಾಲ್ಕು ಸಾವಿರ. ನಾಲ್ಕು ಸಾವಿರವನ್ನು ಸಾವಿರದಿಂದ ಭಾಗಿಸಿದರೆ ನಾಲ್ಕು ಲಾಟ್. ಅಂದರೆ ನನ್ನ ಎರಡು ಲಕ್ಷಕ್ಕೆ ಸರಿಹೋಗುವುದು 40 ಗ್ರಾಂ ಚಿನ್ನ. ಮಿನಿಯಲ್ಲಿ 40 ಗ್ರಾಂ ಅನ್ನುವುದೇ ಇಲ್ಲ. 100 ಇಲ್ಲದಿದ್ದರೆ ಸೊನ್ನೆ. ಸಾವಿರ ರೂಪಾಯಿಯ ಸ್ಟಾಪ್ ಇಟ್ಟು ಒಂದು ಮಿನಿ ಹಿಡಿಯಬೇಕೆಂದರೆ ಹತ್ತು ಸಾವಿರ ಕಳೆಯಲು ತಯಾರಿರಬೇಕು. ಅದು ಶೇಕಡಾ 2 ಆಗಬೇಕಾದರೆ ಖಾತೆಯಲ್ಲಿ ಐದು ಲಕ್ಷ ಇರಬೇಕು. ಮಾರ್ಜಿನ್ ಒಂದು ಲಕ್ಷ ಕೇಳುತ್ತಿತ್ತು, ಅಪಾಯದ ಲೆಕ್ಕ ಐದು ಲಕ್ಷ ಕೇಳುತ್ತಿತ್ತು. ಹೊಸಬರು ಎಡವುವುದು ಈ ಎರಡರ ನಡುವೆ.

ಮುಂದಿನ ವಾರ ನಾಲ್ಕು ಟೆನ್ ತಗೊಂಡೆ, 1,00,200ಕ್ಕೆ. ಸ್ಟಾಪ್ 99,200. ಮಧ್ಯಾಹ್ನ 450 ರೂಪಾಯಿ ಇಳಿಯಿತು. ಖಾತೆಯಲ್ಲಿ 1,800 ಕೆಂಪಾಗಿ ಕಾಣಿಸಿತು. ಮಿನಿ ಇದ್ದಿದ್ದರೆ ಅಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಸಂಜೆ ಅದೇ ರೇಟು 1,00,800 ಮುಟ್ಟಿತು. ಎರಡು ಲಾಟ್ ಮಾರಿದೆ, 1,200 ಬಂತು. ಉಳಿದ ಎರಡಕ್ಕೆ ಸ್ಟಾಪನ್ನು ಕೊಂಡ ರೇಟಿಗೇ ತಂದೆ. ರಾತ್ರಿ ಅದು ಹಿಂದೆ ಬಂದು 1,00,200ಕ್ಕೇ ಆಚೆ ಹೋಯಿತು, ಲಾಭವೂ ಇಲ್ಲ ನಷ್ಟವೂ ಇಲ್ಲ. ಖರ್ಚು ಕಳೆದು ಸಾವಿರದ ಚಿಲ್ಲರೆ ಉಳಿಯಿತು. ಮೊತ್ತ ದೊಡ್ಡದೇನಲ್ಲ. ಆದರೆ ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವುದು ಒಂದು ಲಾಟ್ ಮಿನಿಯಲ್ಲಿ ಸಾಧ್ಯವೇ ಇಲ್ಲ. ಅಲ್ಲಿ ಇದ್ದರೆ ಪೂರ್ತಿ, ಬಿಟ್ಟರೆ ಪೂರ್ತಿ.

ಗಿನಿ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ರೇಟು 8 ಗ್ರಾಂಗೆ, ಲಾಟೂ 8 ಗ್ರಾಂ. ಮಿನಿ ಚಾರ್ಟ್ ನೋಡಿ ಗಿನಿ ಕೊಳ್ಳುವಾಗ ಪ್ರತಿ ಸಲ ಎಂಟರ ಲೆಕ್ಕ ಹಾಕಬೇಕು. ಟೆನ್ ಬಂದ ಮೇಲೆ ನನಗೆ ಅದರ ಅಗತ್ಯ ಕಾಣಲಿಲ್ಲ.

ಪೆಟಲ್ ಮಾತ್ರ ಕಲಿಯುವವರಿಗೆ ನಿಜಕ್ಕೂ ಒಳ್ಳೆಯದು. ಆಗಿನ ರೇಟಿನಲ್ಲಿ ಒಂದು ಲಾಟಿಗೆ ಹತ್ತು ಸಾವಿರದ ಚಿನ್ನ, ಶೇಕಡಾ ಒಂದು ಇಳಿದರೆ ನೂರು ರೂಪಾಯಿ. ಆದರೆ ಎರಡು ಕಡೆ ಎಚ್ಚರ ಬೇಕು. ಒಂದು, ರೇಟು ಗ್ರಾಂಗೆ ಕಾಣುತ್ತದೆ. ಮಿನಿಯ ಅಭ್ಯಾಸದಲ್ಲಿ ನಾನು ಪೆಟಲ್‌ಗೆ 200 ರೂಪಾಯಿಯ ಸ್ಟಾಪ್ ಇಟ್ಟಿದ್ದೆ. ಹತ್ತಿರ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಗ್ರಾಂಗೆ 200 ಅಂದರೆ ಹತ್ತು ಗ್ರಾಂಗೆ 2,000! ಎರಡು ದಿನ ಇಳಿಯುತ್ತಲೇ ಇದ್ದರೂ ಸ್ಟಾಪ್ ಯಾಕೆ ಹೊಡೆಯುತ್ತಿಲ್ಲ ಅಂತ ನೋಡಿದಾಗ ಗೊತ್ತಾಯಿತು. ಇನ್ನೊಂದು, ಖರ್ಚು. ನನ್ನ ಬ್ರೋಕರ್ ಒಂದು ಆರ್ಡರ್‌ಗೆ 20 ರೂಪಾಯಿ ಹಿಡಿಯುತ್ತಾರೆ. ಕೊಳ್ಳಲು 20, ಮಾರಲು 20, ಅದರ ಮೇಲೆ ಶೇಕಡಾ 18 ಜಿಎಸ್‌ಟಿ: 47 ರೂಪಾಯಿ. ಒಂದೇ ಪೆಟಲ್ ಕೊಂಡರೆ ಗ್ರಾಂಗೆ 47 ರೂಪಾಯಿ ಏರಿದ ಮೇಲೆಯೇ ಅಸಲು. ಹತ್ತು ಗ್ರಾಂ ಲೆಕ್ಕದಲ್ಲಿ 470, ಅಂದರೆ ಅರ್ಧ ದಿನದ ಓಡಾಟ ಖರ್ಚಿಗೇ ಹೋಯಿತು. ಅದೇ 47 ರೂಪಾಯಿ ಒಂದು ಮಿನಿಯಲ್ಲಿ ಐದು ರೂಪಾಯಿ ಏರಿದರೆ ಹುಟ್ಟುತ್ತದೆ. ಆದರೆ ಈ ಖರ್ಚು ಆರ್ಡರ್‌ಗೆ, ಲಾಟಿಗೆ ಅಲ್ಲ. ಹತ್ತು ಪೆಟಲ್ ಒಂದೇ ಆರ್ಡರ್‌ನಲ್ಲಿ ಕೊಂಡರೂ ಅದೇ 20. ಹಾಗಾಗಿ ಒಂದೊಂದೇ ಕೊಳ್ಳುವುದಕ್ಕಿಂತ ಐದಾರು ಒಟ್ಟಿಗೆ ಕೊಳ್ಳುವುದು ಮೇಲು. ಕೆಲವು ಬ್ರೋಕರ್‌ಗಳು ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತಾರೆ, ಅವರಲ್ಲಿ ಪೆಟಲ್ ಇನ್ನೂ ಅಗ್ಗ. ಕೇಳಿಕೊಳ್ಳಿ.

ಸಣ್ಣ ಲಾಟ್ ಅಂದರೆ ಕೈಯಲ್ಲಿರುವ ದುಡ್ಡಿಗೆ ಹೋಲಿಸಿದರೆ ಹೊರುವ ಭಾರ ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾರ್ಜಿನ್ ಶೇಕಡಾವಾರು ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಹತ್ತು ಸಾವಿರ ಇದ್ದು ಒಂದು ಟೆನ್ ಹಿಡಿದವನೂ, ಒಂದು ಲಕ್ಷ ಇದ್ದು ಒಂದು ಮಿನಿ ಹಿಡಿದವನೂ ಒಂದೇ ಅಂಚಿನಲ್ಲಿ ನಿಂತಿದ್ದಾರೆ. ಸಣ್ಣ ಲಾಟ್ ಕೊಡುವುದು ಅಳೆದು ತೂಗಿ ಹಿಡಿಯುವ ಅವಕಾಶ ಮಾತ್ರ. ಆ ಅವಕಾಶವನ್ನು ನಾನೂ ಒಮ್ಮೆ ಕೆಡಿಸಿಕೊಂಡೆ. ಟೆನ್‌ನಲ್ಲಿ ಮೂರು ಸಲ ಲಾಭ ಬಂತು. ನಾಲ್ಕಿದ್ದ ಲಾಟ್ ಆರಾಯಿತು, ಆಮೇಲೆ ಹತ್ತಾಯಿತು. ಹತ್ತು ಟೆನ್ ಅಂದರೆ ಒಂದು ಮಿನಿಯೇ. ಶುಕ್ರವಾರ ರಾತ್ರಿ ಹಾಗೇ ಇಟ್ಟುಕೊಂಡು ಮಲಗಿದೆ. ಸೋಮವಾರ ಬೆಳಿಗ್ಗೆ 9ಕ್ಕೆ ಮಾರುಕಟ್ಟೆ ತೆರೆದಾಗ ರೇಟು ನೇರವಾಗಿ 900 ರೂಪಾಯಿ ಕೆಳಗಿತ್ತು. ನಾನು 600 ರೂಪಾಯಿ ಕೆಳಗೆ ಇಟ್ಟಿದ್ದ ಸ್ಟಾಪ್ ಶುಕ್ರವಾರದ ಆರ್ಡರ್, ಆ ದಿನಕ್ಕೇ ರದ್ದಾಗಿತ್ತು. ಮಾಮೂಲಿ ಸ್ಟಾಪ್ ಆರ್ಡರನ್ನು ದಿನಾ ಬೆಳಿಗ್ಗೆ ಮತ್ತೆ ಹಾಕಬೇಕು. ಅದು ಇದ್ದಿದ್ದರೂ ಪ್ರಯೋಜನ ಇರಲಿಲ್ಲ, ನಡುವಿನ ರೇಟಿನಲ್ಲಿ ವ್ಯಾಪಾರವೇ ನಡೆದಿಲ್ಲವಲ್ಲ! ಹತ್ತು ಲಾಟಿಗೆ 9,000 ರೂಪಾಯಿ ಹೋಯಿತು. ನಾಲ್ಕೇ ಇದ್ದಿದ್ದರೆ 3,600, ನನ್ನ ಮಿತಿಯ ಒಳಗೆ. ಆದ್ದರಿಂದ ಈಗ ಲಾಟ್ ಎಷ್ಟು ಅಂತ ಎಣಿಸುವುದಿಲ್ಲ, ಗ್ರಾಂ ಎಷ್ಟು ಅಂತ ಬರೆದಿಡುತ್ತೇನೆ. ವಾರದ ಕೊನೆಗೆ 20 ಗ್ರಾಂ ದಾಟಿ ಇಟ್ಟುಕೊಳ್ಳುವುದಿಲ್ಲ.

ಅವಧಿ ಮುಗಿಯುವ ದಿನದ ಮೇಲೂ ಕಣ್ಣಿಡಿ. ಮಿನಿ ತಿಂಗಳ 5ರ ಸುಮಾರಿಗೆ ಮುಗಿಯುತ್ತದೆ, ಟೆನ್, ಗಿನಿ, ಪೆಟಲ್ ಮೂರೂ ತಿಂಗಳ ಕೊನೆಗೆ. ಎಲ್ಲವೂ ಕಡ್ಡಾಯವಾಗಿ ಚಿನ್ನವನ್ನೇ ಕೊಟ್ಟು ತಗೊಳ್ಳುವ ಒಪ್ಪಂದಗಳು. ಡೆಲಿವರಿಯ ಹತ್ತಿರ ಬಂದಂತೆ ಮಾರ್ಜಿನ್ ಏರುತ್ತದೆ, ಎಷ್ಟೋ ಬ್ರೋಕರ್‌ಗಳು ಅದಕ್ಕೂ ಮೊದಲೇ ತಾವೇ ಮಾರಿಬಿಡುತ್ತಾರೆ. ಒಂದು ವಾರ ಮುಂಚೆಯೇ ಮುಂದಿನ ತಿಂಗಳ ಒಪ್ಪಂದಕ್ಕೆ ಹೋಗುವುದು ನನ್ನ ರೂಢಿ.

ಖಾತೆಯಲ್ಲಿ 25,000 ಇರುವವರು ಐದು ಪೆಟಲ್ ಹಿಡಿಯಬಹುದು: ಗ್ರಾಂಗೆ ನೂರು ರೂಪಾಯಿ ಸ್ಟಾಪ್ ಇಟ್ಟರೆ ಹೋಗುವುದು 500, ಸರಿಯಾಗಿ ಶೇಕಡಾ 2. 50,000 ಇದ್ದರೆ ಒಂದು ಟೆನ್. ನನ್ನಂತೆ ಎರಡು ಲಕ್ಷ ಇದ್ದರೆ ನಾಲ್ಕು ಟೆನ್. ಐದು ಲಕ್ಷದ ಮೇಲೆ ಮಿನಿ. ಈ ಲೆಕ್ಕವೆಲ್ಲ ಹತ್ತು ಗ್ರಾಂಗೆ ಒಂದು ಲಕ್ಷ ಇದ್ದಾಗಿನದು. ರೇಟು 1,20,000 ಆದರೆ ಮಿನಿಯ ಗ್ರಾಂ ಅಷ್ಟೇ ಇದ್ದರೂ ಶೇಕಡಾ ಒಂದು ಇಳಿದಾಗ ಹೋಗುವುದು 12,000. ಆಗ ಐದು ಲಕ್ಷದ ಗೆರೆ ಆರು ಲಕ್ಷಕ್ಕೆ ಸರಿಯುತ್ತದೆ, ನನ್ನ ನಾಲ್ಕು ಟೆನ್ ಮೂರಾಗುತ್ತದೆ.