ಟಾಕ್‌ಬ್ಯಾಕ್ ಜೊತೆ ನಾಲ್ಕು ವರ್ಷ: ಎಲ್ಲವನ್ನೂ ಓದಿಸಿಕೊಂಡರೆ ಬೇಕಾದದ್ದೇ ತಪ್ಪುತ್ತದೆ

ನನಗೆ ಕಣ್ಣು ಸ್ವಲ್ಪವೂ ಕಾಣಿಸುವುದಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕನ್ನು ನಾಲ್ಕು ವರ್ಷದಿಂದ ದಿನವಿಡೀ ಬಳಸುತ್ತಿದ್ದೇನೆ. ಅದರ ಎಲ್ಲಾ ವಿಷಯ ಬರೆಯಲು ಹೋಗುವುದಿಲ್ಲ, ಬರುವ ನೋಟಿಫಿಕೇಶನ್‌ಗಳನ್ನು ಅದು ಹೇಗೆ ಓದುತ್ತದೆ ಅನ್ನುವುದಷ್ಟೇ ಬರೆಯುತ್ತೇನೆ. ನಾನು ಜಾಸ್ತಿ ಒದ್ದಾಡಿದ್ದು ಅಲ್ಲೇ.

ಹೋದ ವರ್ಷ ಶಿವಮೊಗ್ಗದ ಮಂಡಿಗೆ ರಾಶಿ ಅಡಿಕೆ ಹಾಕಿದ್ದೆವು. ದುಡ್ಡು ಖಾತೆಗೆ ಬರಬೇಕಿತ್ತು, ಸಂಜೆ ಕೊಯ್ಲಿನವರಿಗೆ ಬಟವಾಡೆ ಬೇರೆ ಇತ್ತು. ಅವತ್ತೇ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮದುವೆ ಫೋಟೋಗಳು ಒಂದರ ಹಿಂದೆ ಒಂದು. ಫೋನು ಓದಿದ್ದೇ ಓದಿದ್ದು. ತಲೆ ಚಿಟ್ಟು ಹಿಡಿದು, ಓದಲು ಶುರು ಮಾಡಿದ ಕೂಡಲೇ ಪರದೆ ಮುಟ್ಟಿ ನಿಲ್ಲಿಸುತ್ತಾ ಬಂದೆ. ಸಂಜೆ ಐದಕ್ಕೆ ಮಂಡಿಗೆ ಫೋನ್ ಮಾಡಿದರೆ, "ಬೆಳಿಗ್ಗೆನೇ ಹಾಕಿದೀವಲ್ಲ ರಾಯರೇ" ಅಂದರು. ಹಾಗೆ ಮುಟ್ಟಿ ನಿಲ್ಲಿಸಿದವುಗಳಲ್ಲಿ ಬ್ಯಾಂಕಿನ ಮೆಸೇಜೂ ಒಂದಾಗಿತ್ತು. ಇನ್‌ಬಾಕ್ಸಿನಲ್ಲಿ ಅದು ಇದ್ದೇ ಇತ್ತು, ಆದರೆ ಬಂದಿದೆ ಅಂತಲೇ ಗೊತ್ತಿಲ್ಲದಾಗ ಹುಡುಕುವ ಯೋಚನೆ ಎಲ್ಲಿಂದ ಬರಬೇಕು?

ಹೀಗಾಗುವುದಕ್ಕೆ ಕಾರಣ ಸರಳ. ನೋಟಿಫಿಕೇಶನ್ ಬಂದಾಗ ಟಾಕ್‌ಬ್ಯಾಕ್ ಅದನ್ನು ಒಂದು ಸಲ ಹೇಳುತ್ತದೆ. ಅಷ್ಟರಲ್ಲಿ ನಾವು ಬೇರೆ ಎಲ್ಲಾದರೂ ಬೆರಳಿಟ್ಟರೆ ಆ ಮಾತು ಅಲ್ಲಿಗೇ ತುಂಡಾಗುತ್ತದೆ, ಮತ್ತೆ ತಾನಾಗಿ ಹೇಳುವುದಿಲ್ಲ. ಕಣ್ಣಿರುವವರಿಗೆ ಮೇಲೆ ಒಂದು ಚಿಹ್ನೆಯಾದರೂ ಉಳಿದಿರುತ್ತದೆ, ನಮಗೆ ಏನೂ ಉಳಿಯುವುದಿಲ್ಲ.

ನಾನು ಮೊದಲು ಮಾಡಿದ ತಪ್ಪು, ಗ್ರೂಪಿನ ನೋಟಿಫಿಕೇಶನ್ನನ್ನು 'ಸೈಲೆಂಟ್' ಮಾಡಿ ಮುಗಿಯಿತು ಅಂದುಕೊಂಡದ್ದು. ಟಿಣ್ ಅನ್ನುವ ಶಬ್ದ ನಿಂತಿತು, ಓದುವುದು ನಿಲ್ಲಲಿಲ್ಲ! ಸೈಲೆಂಟ್ ಅಂದರೆ ಗಂಟೆ ಬಾರಿಸಬೇಡ ಅಂತ ಮಾತ್ರ. ಆ ನೋಟಿಫಿಕೇಶನ್ ಆಮೇಲೂ ಬರುತ್ತಲೇ ಇರುತ್ತದೆ, ಟಾಕ್‌ಬ್ಯಾಕ್ ಅದನ್ನು ಹೇಳುತ್ತಲೇ ಇರುತ್ತದೆ. ಓದಬಾರದು ಅಂದರೆ ಆ ಬಗೆಯನ್ನೇ ಆಫ್ ಮಾಡಬೇಕು. ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪಿನ ನೋಟಿಫಿಕೇಶನ್‌ಗಳು ಬಗೆಬಗೆಯಾಗಿ ಬೇರೆ ಬೇರೆ ಇರುತ್ತವೆ. ಸೆಟ್ಟಿಂಗ್ಸ್, ಆ್ಯಪ್ಸ್, ವಾಟ್ಸಾಪ್, ನೋಟಿಫಿಕೇಶನ್ಸ್ ಅಂತ ಹೋದರೆ ಗ್ರೂಪಿನದ್ದು ಒಂದು, ಒಬ್ಬೊಬ್ಬರು ಕಳಿಸುವ ಮೆಸೇಜಿನದ್ದು ಇನ್ನೊಂದು ಸಿಗುತ್ತದೆ. ಗ್ರೂಪಿನದ್ದನ್ನು ಆಫ್ ಮಾಡಿದೆ. ಅಡಿಕೆ ದರದ ಗ್ರೂಪೂ ಅದರ ಜೊತೆ ಹೋಯಿತು, ಇರಲಿ, ದರ ಬೇಕಾದಾಗ ನಾನೇ ತೆರೆದು ಕೇಳುತ್ತೇನೆ. ಅಂಗಡಿ ಆ್ಯಪುಗಳ ಆಫರ್, ಆಟದ ಆ್ಯಪುಗಳದ್ದು ಎಲ್ಲಾ ಆಫ್. ಈಗ ಫೋನು ಬಾಯಿ ತೆರೆದರೆ ನಾನು ಕೈ ಎತ್ತಿ ಕೇಳುತ್ತೇನೆ, ಅದೇ ದೊಡ್ಡ ವ್ಯತ್ಯಾಸ.

ಅಷ್ಟಾದರೂ ತಪ್ಪುವುದು ತಪ್ಪುತ್ತದೆ. ಅದಕ್ಕೆ ನೋಟಿಫಿಕೇಶನ್ ಹಿಸ್ಟರಿ ಇದೆ, ಆಂಡ್ರಾಯ್ಡ್ 11ರಿಂದ ಬಂದದ್ದು. ಅಳಿಸಿ ಹಾಕಿದ್ದೂ ಸೇರಿ ಹಿಂದಿನ 24 ಗಂಟೆಯಲ್ಲಿ ಬಂದದ್ದು ಅಲ್ಲಿರುತ್ತದೆ. ಆದರೆ ಮೊದಲಿಂದ ಅದು ಆನ್ ಇರುವುದಿಲ್ಲ, ಆನ್ ಮಾಡುವ ಮುಂಚೆ ಬಂದದ್ದನ್ನು ತೋರಿಸುವುದೂ ಇಲ್ಲ. ಇವತ್ತೇ ಆನ್ ಮಾಡಿಡಿ. ನಾನು ರಾತ್ರಿ ಊಟ ಆದಮೇಲೆ ಒಂದು ಸಲ ಅದರ ಮೇಲೆ ಬೆರಳಾಡಿಸುತ್ತೇನೆ.

ಮೊತ್ತ, ಒಟಿಪಿಗಳ ಕಥೆ ಬೇರೆ. ಆರು ಅಂಕಿಯ ಒಟಿಪಿಯನ್ನು ದನಿ ಎಷ್ಟೋ ಸಲ "ನಾಲ್ಕು ಲಕ್ಷದ ಎಂಬತ್ತೆರಡು ಸಾವಿರದ" ಅಂತ ಓದಿಬಿಡುತ್ತದೆ, ಅದನ್ನು ತಲೆಯಲ್ಲಿ ಬಿಡಿಸಿಕೊಂಡು ಟೈಪ್ ಮಾಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮೆಸೇಜಿನ ಮೇಲೆ ಬೆರಳಿಟ್ಟು, ಮೂರು ಬೆರಳಿನಿಂದ ಮೇಲಕ್ಕೋ ಕೆಳಕ್ಕೋ ಎಳೆಯುತ್ತಾ 'ಅಕ್ಷರಗಳು' ಅನ್ನುವವರೆಗೆ ಬನ್ನಿ. ಆಮೇಲೆ ಒಂದೇ ಬೆರಳನ್ನು ಕೆಳಕ್ಕೆ ಎಳೆದ ಹಾಗೆ ಒಂದೊಂದೇ ಅಂಕಿ ಹೇಳುತ್ತದೆ. ದುಡ್ಡಿನ ಮೊತ್ತವನ್ನೂ ನಾನು ಹೀಗೇ ಕೇಳುತ್ತೇನೆ, ಒಂದು ಸೊನ್ನೆ ಆಚೀಚೆ ಆದರೆ ಕಷ್ಟ ಅಲ್ವಾ.

ಮಳೆಗಾಲಕ್ಕೆ ಒಂದು ಮಾತು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಏನೂ ಕೇಳಿಸುವುದಿಲ್ಲ. ಟಾಕ್‌ಬ್ಯಾಕಿನ ದನಿಗೆ ಅದರದ್ದೇ ವಾಲ್ಯೂಮ್ ಇದೆ, ಅದು ಮಾತಾಡುತ್ತಿರುವಾಗಲೇ ವಾಲ್ಯೂಮ್ ಗುಂಡಿ ಒತ್ತಿದರೆ ಅದೇ ಏರುತ್ತದೆ. ಸುಮ್ಮನಿರುವಾಗ ಒತ್ತಿದರೆ ಬೇರೆ ಯಾವುದೋ ಏರುತ್ತದೆ. ಬಸ್ಸಿನಲ್ಲಿ ಮಾತ್ರ ಒಂದು ಕಿವಿಗೆ ಇಯರ್‌ಫೋನ್ ಹಾಕುತ್ತೇನೆ, ಖಾತೆಯಲ್ಲಿ ಎಷ್ಟಿದೆ ಅಂತ ಪಕ್ಕದ ಸೀಟಿನವರಿಗೆ ಯಾಕೆ ಕೇಳಿಸಬೇಕು. ಇನ್ನೊಂದು ಕಿವಿ ಕಂಡಕ್ಟರ್ ಊರು ಕೂಗುವುದಕ್ಕೆ ಬೇಕು.

ಪರದೆ ಆರಿದ್ದಾಗ ಓದುತ್ತದೋ ಇಲ್ಲವೋ ಅನ್ನುವುದು ಫೋನಿಂದ ಫೋನಿಗೆ ಬೇರೆ. ಹೊಸ ಫೋನು ತಂದಾಗ ನಾನು ಅದನ್ನು ಲಾಕ್ ಮಾಡಿ ಮೇಜಿನ ಮೇಲಿಟ್ಟು, ಅತ್ತಿಗೆಗೆ ಒಂದು ಮೆಸೇಜ್ ಕಳಿಸಲು ಹೇಳುತ್ತೇನೆ. ಓದದಿದ್ದರೆ, ಟಿಣ್ ಅಂದ ಕೂಡಲೇ ಫೋನು ತೆರೆದು, ಬೆರಳನ್ನು ಎತ್ತದೆ ಬಲಕ್ಕೆ ಎಳೆದು ಹಾಗೇ ಕೆಳಕ್ಕೆ ಎಳೆಯುವುದನ್ನು ರೂಢಿ ಮಾಡಿಕೊಳ್ಳಿ. ನೋಟಿಫಿಕೇಶನ್ ಪಟ್ಟಿ ತೆರೆಯುತ್ತದೆ.